ಕಟ್ಟಿಗಿ ತೂಕ ಎಲ್ಲಿಂದ ಬಂತು? ಮಕ್ಕಳ ತಪ್ಪು ಕಲ್ಪನೆ ಹುಡುಕಿ ಪರಿಹಾರ ಬೋಧನೆ ಮಾಡೋ ರೀತಿ

ಜಮಖಂಡಿ, ಮುಧೋಳ ಕಡೆ ವಿಜ್ಞಾನ ಮಾಸ್ತರ್‌ಗಳು ಟೀಚರ್‌ಗಳು ಭೆಟ್ಟಿಯಾದಾಗೆಲ್ಲ ಕೇಳೋದು ಒಂದ ಮಾತು, "ಸರ್, ನೈದಾನಿಕ ಪರೀಕ್ಷೆ ಮಾಡ್ರಿ ಅಂತಾರ, ಪರಿಹಾರ ಬೋಧನೆ ಫೈಲ್ ಇಡ್ರಿ ಅಂತಾರ, ಆದ್ರ ಖರೇ ಅಂದ್ರ ಏನ್ ಮಾಡಬೇಕು?" ಜೂನ್‌ನ್ಯಾಗ ಸೇತುಬಂಧದ ಪರೀಕ್ಷೆ ಮಾಡತೀವಿ, ಕಡಿಮಿ ಮಾರ್ಕ್ಸ್ ಬಂದವರ ಪಟ್ಟಿ ಮಾಡತೀವಿ, ಅವರನ್ನ ಸಂಜಿಕ ಕೂಡ್ರಿಸಿ ಅದ ಪಾಠ ಇನ್ನೊಮ್ಮೆ ಹೇಳತೀವಿ, ಮಾರ್ಕ್ಸ್ ಮತ್ತ ಅಷ್ಟ. ಯಾಕಂದ್ರ ಮಾರ್ಕ್ಸ್ ನೋಡಿದ್ರ ಹುಡುಗ ತಪ್ಪ್ಯಾನ ಅನ್ನೋದು ಗೊತ್ತಾಗತೈತಿ, ಯಾವ ವಿಚಾರ ತಲಿಯೊಳಗ ಇಟ್ಕೊಂಡು ತಪ್ಪ್ಯಾನ ಅನ್ನೋದು ಗೊತ್ತಾಗಂಗಿಲ್ಲ.

ನೈದಾನಿಕ ಪರೀಕ್ಷೆ ಅಂದ್ರ ಆ ಎರಡನೇದನ್ನ ಹುಡುಕೋ ಪರೀಕ್ಷೆ. ಡಾಕ್ಟರ್ ಜ್ವರ ಎಷ್ಟೈತಿ ಅಂತ ನೋಡೋದು ಬ್ಯಾರೆ, ಯಾವ ಜ್ವರ ಅಂತ ರಕ್ತ ನೋಡೋದು ಬ್ಯಾರೆ, ಹಂಗ ಇದು. ಎಲ್ಲಾ ಪಾಠಕ್ಕೂ ಹೊಂದೋ ಹಂಗ ಹೇಳಾಕ ಹೋದ್ರ ಯಾವುದಕ್ಕೂ ಹೊಂದಂಗಿಲ್ಲ, ಅದಕ್ಕ ಒಂದ ವಿಷಯ ಹಿಡ್ಕೊಂಡು ಕಡೀತನಕ ಹೋಗೂಣು. ಏಳನೇ ತರಗತಿಯ ಸಸ್ಯಗಳಲ್ಲಿ ಪೋಷಣೆ, ಹತ್ತನೇ ತರಗತಿಯ ಜೀವಕ್ರಿಯೆಗಳು, ಎರಡರಾಗೂ ಬರೋ ದ್ಯುತಿಸಂಶ್ಲೇಷಣೆ. ನಮ್ಮ ಕಡೆ ಕಬ್ಬಿನ ಹೊಲದಾಗ ಬೆಳೆದ ಮಕ್ಕಳಿಗೆ ಇದರಾಗ ಒಂದು ಗಟ್ಟಿ ತಪ್ಪು ಕಲ್ಪನೆ ಇರತೈತಿ, ಗಿಡ ಮಣ್ಣು ಮತ್ತ ಗೊಬ್ಬರ ತಿಂದು ದಪ್ಪ ಆಗತೈತಿ ಅಂತ. ಪರೀಕ್ಷೆಯೊಳಗ ದ್ಯುತಿಸಂಶ್ಲೇಷಣೆಯ ಸಮೀಕರಣ ತಪ್ಪಿಲ್ಲದ ಬರೆಯೋ ಹುಡುಗನೂ ಇದನ್ನ ಬಿಟ್ಟಿರಂಗಿಲ್ಲ, ಎರಡೂ ತಲಿಯೊಳಗ ಬ್ಯಾರೆ ಬ್ಯಾರೆ ಖೋಲಿಯೊಳಗ ಆರಾಮ ಇರತಾವ.

ಬೇಕಾಗೋ ಸಾಮಾನು ಭಾಳಿಲ್ಲ. ಪ್ರಶ್ನೆಗೆ ಅರ್ಧ ಹಾಳಿ, ಒಂದು ಗ್ರಾಂ ತನಕ ತೋರಸೋ ಅಡಿಗಿಮನಿ ಡಿಜಿಟಲ್ ತಕ್ಕಡಿ, ಅಡಿಗಿ ಸೋಡಾ, ವಿನೆಗರ್, ಒಣಗಿದ ಬೇವಿನ ಇಲ್ಲಾ ಜಾಲಿ ಕಟ್ಟಿಗಿ ಚೂರು, ಒಂದು ಕಬ್ಬಿಣದ ಬಾಣಲಿ. ಟೈಮು ಅಂದ್ರ ಪರೀಕ್ಷೆಗೆ ಅರ್ಧ ಪೀರಿಯಡ್, ಪರಿಹಾರಕ್ಕ ಎರಡು ಪೀರಿಯಡ್, ಎರಡ್ಮೂರು ವಾರ ಬಿಟ್ಟು ಮತ್ತ ಹತ್ತು ನಿಮಿಷ.

ಹಂತ 1: ಹುಡುಗರಿಗೆ ಏನು ಗೊತ್ತಿರಬೇಕು ಅನ್ನೋದನ್ನ ಮೊದಲ ನೀವು ಬರೀರಿ

"ದ್ಯುತಿಸಂಶ್ಲೇಷಣೆ ತಿಳೀಬೇಕು" ಅಂತ ಬರದ್ರ ಅದು ಪಾಠದ ಹೆಸರಾತು ಅಷ್ಟ. ಪೂರ್ತಿ ವಾಕ್ಯ ಬರೀರಿ, ನಾಲ್ಕಕ್ಕಿಂತ ಹೆಚ್ಚು ಬ್ಯಾಡ. ನಾನು ಬರಕೊಂಡಿದ್ದು ಹಿಂಗ: ಗಿಡದ ಆಹಾರ ಅಂದ್ರ ಗಿಡಾನ ಎಲಿಯೊಳಗ ಮಾಡಕೊಳ್ಳೋ ಸಕ್ಕರಿ. ಆ ಸಕ್ಕರಿಯ ಕಾರ್ಬನ್ ಬರೋದು ಗಾಳಿಯಾಗಿನ ಕಾರ್ಬನ್ ಡೈಆಕ್ಸೈಡ್‌ನಿಂದ. ಬೇರು ಮಣ್ಣಿನಿಂದ ತಗೊಳ್ಳೋದು ನೀರು ಮತ್ತ ಸ್ವಲ್ಪ ಖನಿಜ. ಅನಿಲಕ್ಕೂ ತೂಕ ಐತಿ.

ಕಡೀದು ಇಲ್ಲಿ ಯಾಕ ಬಂತು ಅನಸಬಹುದು, ಅದು ಜೀವಶಾಸ್ತ್ರದ ಪಾಠದಾಗ ಇಲ್ಲವೇ ಇಲ್ಲ. ಆದ್ರ ಗಾಳಿಗೆ ತೂಕಾನ ಇಲ್ಲ ಅಂತ ತಿಳಕೊಂಡ ಹುಡುಗ, ಗಾಳಿಯಿಂದ ಕಟ್ಟಿಗಿ ಆಗತೈತಿ ಅಂತ ಹೆಂಗ ನಂಬ್ಯಾನು? ತಪ್ಪು ಕಲ್ಪನೆಯ ಬೇರು ಭಾಳ ಸಲ ಇನ್ನೊಂದು ಪಾಠದಾಗ ಇರತೈತಿ, ಹಿಂಗ ವಾಕ್ಯ ಬಿಡಿಸಿ ಬರದಾಗಷ್ಟ ಅದು ಕಣ್ಣಿಗೆ ಬೀಳತೈತಿ.

ಹಂತ 2: ತಪ್ಪು ಉತ್ತರ ನೀವು ಹುಟ್ಟಿಸಬ್ಯಾಡ್ರಿ, ಮಕ್ಕಳ ಕಡೆಯಿಂದ ತಗೋರಿ

ಇದು ಎಲ್ಲಾರೂ ಬಿಡೋ ಹಂತ. ನಾವು ಬಹು ಆಯ್ಕೆ ಪ್ರಶ್ನೆ ತಗದಾಗ ಒಂದು ಸರಿ ಉತ್ತರ ಬರದು ಉಳಿದ ಮೂರು ಬಾಯಿಗೆ ಬಂದದ್ದು ತುಂಬತೀವಿ, ಅಂಥವನ್ನ ಯಾರೂ ಆರಸಂಗಿಲ್ಲ, ಆರಿಸಿದ್ರೂ ಅದರಿಂದ ಏನೂ ತಿಳಿಯಂಗಿಲ್ಲ. ಅದಕ್ಕ ಮೊದಲ ಒಂದು ತೆರೆದ ಪ್ರಶ್ನೆ ಕೊಡ್ರಿ: "ಬೇವಿನ ಬೀಜ ಒಂದು ಗ್ರಾಂನೂ ಇರಂಗಿಲ್ಲ. ಅದು ದೊಡ್ಡ ಗಿಡ ಆಗಿ ಒಣಗಿದ ಮ್ಯಾಲ ಕಟ್ಟಿಗಿ ತೂಗಿದ್ರ ಕ್ವಿಂಟಲ್‌ಗಟ್ಟಲೆ ಬಂತು. ಇಷ್ಟು ತೂಕ ಎಲ್ಲಿಂದ ಬಂತು? ಮೂರು ಸಾಲು ಬರೀರಿ." ಹೆಸರು ಬರಿಯೂದು ಬ್ಯಾಡ ಅಂತ ಹೇಳ್ರಿ.

ಬರೋ ವಾಕ್ಯ ಹಿಂಗಿರತಾವ: "ಭೂಮಿಯ ಕಸುವು ಎಲ್ಲಾ ಗಿಡಕ್ಕ ಹೋಗತೈತಿ", "ಗೊಬ್ಬರ ಹಾಕಿದ್ರ ಬೆಳೀತೈತಿ ಹಾಕಲಿಲ್ಲಂದ್ರ ಇಲ್ಲ", "ನೀರು ಕುಡಿದು ಗಟ್ಟಿ ಆಗತೈತಿ", "ಆಕ್ಸಿಜನ್ ತಗೊಂಡು ಬೆಳೀತೈತಿ". ಮಕ್ಕಳ ಮಾತು ಇದ್ದಂಗ ಇಟ್ಕೊರಿ, ತಿದ್ದಿ ಪುಸ್ತಕದ ಭಾಷೆ ಮಾಡಿದ್ರ ಮುಂದ ಓದೋ ಹುಡುಗರಿಗೆ ಅದು ತಮ್ಮ ವಿಚಾರ ಅಂತ ಗುರುತು ಸಿಗಂಗಿಲ್ಲ.

ಇಲ್ಲೊಂದು ಹುಷಾರಿ. ಕಬ್ಬು ನಮಗ ಹತ್ತಿರದ್ದು ಅಂತ ಹಸಿ ಕಬ್ಬಿನ ತೂಕದ ಮ್ಯಾಲ ಪ್ರಶ್ನೆ ಕೇಳಬ್ಯಾಡ್ರಿ. ಹಸಿ ಕಬ್ಬಿನ ತೂಕದಾಗ ಹತ್ತಿರ ಹತ್ತಿರ ಮುಕ್ಕಾಲು ಪಾಲು ನೀರ ಇರತೈತಿ, ಹಂಗಾಗಿ "ನೀರು" ಅಂದ ಹುಡುಗ ಖರೇನ ಹೇಳಿದಂಗಾತು, ನೀವು ತಪ್ಪು ಹಾಕತೀರಿ. "ಒಣಗಿದ ಮ್ಯಾಲ" ಅನ್ನೋ ಶಬ್ದ ಪ್ರಶ್ನೆಯೊಳಗ ಇರಾಕ ಬೇಕು.

ಹಂತ 3: ಎರಡು ಮೆಟ್ಟಿಲಿನ ಪ್ರಶ್ನೆ ಮಾಡ್ರಿ

ಎರಡು ಮೆಟ್ಟಿಲು ಅಂದ್ರ ಮೊದಲು ಉತ್ತರ, ಆಮ್ಯಾಲ ಆ ಉತ್ತರಕ್ಕ ಕಾರಣ, ಎರಡೂ ಆರಸಬೇಕು. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ ಅನ್ನೋ ವಿಜ್ಞಾನ ಶಿಕ್ಷಣ ಸಂಶೋಧಕರು 1980ರ ದಶಕದಾಗ ಬೆಳೆಸಿದ ಪದ್ಧತಿ ಇದು, ಅವರ ಮೊದಮೊದಲಿನ ಪರೀಕ್ಷೆಗಳಾಗ ಒಂದು ಇದ ದ್ಯುತಿಸಂಶ್ಲೇಷಣೆ ಮತ್ತ ಸಸ್ಯಗಳ ಉಸಿರಾಟದ ಮ್ಯಾಲ ಇತ್ತು. ಮೂರನೇ ಸಾಲಿಗೆ "ಖಾತ್ರಿ / ಅಂದಾಜು" ಅಂತ ಒಂದು ಟಿಕ್ ಸೇರಸ್ರಿ. ನಮ್ಮ ಮೊದಲ ಪ್ರಶ್ನೆ ಹಿಂಗಾಗತೈತಿ:

ಒಣಗಿದ ಬೇವಿನ ಕಟ್ಟಿಗಿಯ ತೂಕ ಮುಖ್ಯವಾಗಿ ಎಲ್ಲಿಂದ ಬಂದೈತಿ?
ಅ) ಮಣ್ಣು, ಗೊಬ್ಬರ  ಆ) ನೀರು  ಇ) ಗಾಳಿ

ಕಾರಣ:
1) ಬೇರು ಭೂಮಿಯ ಕಸುವು ಹೀರಿ ಅದನ್ನ ಕಟ್ಟಿಗಿ ಮಾಡತೈತಿ
2) ಕುಡಿದ ನೀರು ಗಟ್ಟಿ ಆಗಿ ಕಟ್ಟಿಗಿ ಆಗತೈತಿ
3) ಕಾರ್ಬನ್ ಡೈಆಕ್ಸೈಡ್‌ನಿಂದ ಸಕ್ಕರಿ ಆಗಿ, ಆ ಸಕ್ಕರಿಯಿಂದ ಕಟ್ಟಿಗಿ ಆಗತೈತಿ
4) ಗಿಡ ಆಕ್ಸಿಜನ್ ತಗೊಂಡು ಬೆಳೀತೈತಿ
5) ಬ್ಯಾರೆ ಕಾರಣ: ________

ನನಗ: ಖಾತ್ರಿ ಐತಿ / ಅಂದಾಜು

ಎರಡನೇ ಪ್ರಶ್ನೆ ಅನಿಲದ ತೂಕದ್ದು: ಸೈಕಲ್ ಟ್ಯೂಬ್ ಖಾಲಿ ಇದ್ದಾಗ ತೂಗಿದ್ವಿ, ಪಂಪ್ ಹೊಡೆದು ಗಟ್ಟಿ ಮಾಡಿ ಮತ್ತ ತೂಗಿದ್ವಿ, ತೂಕ ಹೆಚ್ಚಾಗತೈತೋ, ಕಡಿಮಿ ಆಗತೈತೋ, ಅಷ್ಟ ಇರತೈತೋ? ಕಾರಣದಾಗ "ಗಾಳಿಗೆ ತೂಕ ಇಲ್ಲ", "ಗಾಳಿ ಮ್ಯಾಲಕ್ಕ ಎತ್ತತೈತಿ, ಹಗುರ ಮಾಡತೈತಿ", "ಗಾಳಿನೂ ದ್ರವ್ಯ, ಅದಕ್ಕೂ ತೂಕ ಐತಿ", ಮತ್ತ ಒಂದು ಖಾಲಿ ಗೆರಿ. ಇಂಥಾ ನಾಲ್ಕೈದು ಪ್ರಶ್ನೆ ಸಾಕು.

ಕಾರಣದ ಮೆಟ್ಟಿಲು ಯಾಕ ಬೇಕು ಅಂದ್ರ, ಮೂರು ಆಯ್ಕೆ ಇದ್ದಾಗ ಕಣ್ಣು ಮುಚ್ಚಿ ಟಿಕ್ ಮಾಡಿದ್ರೂ ಮೂರರಾಗ ಒಂದು ಸಲ ಸರಿ ಆಗತೈತಿ. ಮ್ಯಾಲ ನಾಲ್ಕು ಕಾರಣ ಬಂದಾಗ ಎರಡೂ ಅಂದಾಜಿನ ಮ್ಯಾಲ ಸರಿ ಬೀಳೋದು ಹನ್ನೆರಡರಾಗ ಒಂದು ಸಲ.

ಹಂತ 4: ಪರೀಕ್ಷೆ ಕೊಡೋದು

ಪಾಠ ಮುಗಿದು ಒಂದ್ಹತ್ತು ದಿನ ಬಿಟ್ಟು ಕೊಡ್ರಿ, ಮರುದಿನಾನ ಕೊಟ್ರ ಬಾಯಿಪಾಠ ಅಷ್ಟ ಸಿಗತೈತಿ. ಮಾರ್ಕ್ಸ್ ಇಲ್ಲ ಅಂತ ಮೊದಲ ಹೇಳ್ರಿ, ಎಫ್‌ಎ ಒಳಗ ಹಿಡಿಯಾಕ ಹೋಗಬ್ಯಾಡ್ರಿ, ಹಿಡಿದ್ರಿ ಅಂದ್ರ ಹುಡುಗರು ತಾವು ನಂಬಿದ್ದು ಬಿಟ್ಟು ನಿಮಗ ಏನು ಬೇಕು ಅನ್ನೋದನ್ನ ಬರೀತಾರ. ಈಗ ಮಾತ್ರ ಹೆಸರು ಬೇಕು, ಗುಂಪು ಮಾಡೋದೈತಿ. ನಡುವ ಯಾರರ "ಸರ್ ಇದು ಸರೀನಾ" ಅಂತ ಕೇಳಿದ್ರ ಮುಖಾನೂ ತೋರಸಬ್ಯಾಡ್ರಿ, ನಿಮ್ಮ ಹುಬ್ಬು ನೋಡೆ ಉತ್ತರ ತಿದ್ದತಾರ.

ಹಂತ 5: ಉತ್ತರ ಓದೋದು, ಒಂದು ಲೆಕ್ಕ ಮಾಡಿ ನೋಡೂಣು

ಕ್ಲಾಸಿನ್ಯಾಗ 40 ಮಕ್ಕಳು ಅಂತ ಹಿಡೀರಿ. ಒಂದು ಹಾಳಿ ಮ್ಯಾಲ ಮನಿ ಹಾಕ್ರಿ, ಅಡ್ಡ ಉತ್ತರ (ಅ, ಆ, ಇ), ಉದ್ದ ಕಾರಣ (1ರಿಂದ 5), ಒಬ್ಬೊಬ್ಬ ಹುಡುಗನ ರೋಲ್ ನಂಬರ್ ಅವನ ಮನಿಯೊಳಗ ಬರೀರಿ, ಖಾತ್ರಿ ಅಂದವರ ನಂಬರಿಗೆ ಸುತ್ತ ಹಾಕ್ರಿ.

"ಗಾಳಿ" ಅಂದವರು 22 ಅಂತ ತಗೋರಿ. ಬರೇ ಮೊದಲ ಮೆಟ್ಟಿಲು ನೋಡಿದ್ರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಂದೈತಿ ಅನಸತೈತಿ. ಕಾರಣ ನೋಡ್ರಿ: ಅವರಾಗ 9 ಮಂದಿ ಅಷ್ಟ ಮೂರನೇ ಕಾರಣ ಹಿಡಿದಾರ, 11 ಮಂದಿ ಆಕ್ಸಿಜನ್ ಅಂತಾರ, ಇಬ್ಬರು ಖಾಲಿ ಬಿಟ್ಟಾರ. ಮಣ್ಣು ಅಂದವರು 14, ಅವರಾಗ 13 ಮಂದಿ ಭೂಮಿ ಕಸುವಿನ ಕಾರಣ. ನೀರು ಅಂದವರು 4, ನಾಲ್ವರೂ ಎರಡನೇ ಕಾರಣ. ಅಂದ್ರ ಖರೇ ಗೊತ್ತಿದ್ದವರು 22 ಅಲ್ಲ, 9.

ಈಗ ಸುತ್ತ ನೋಡ್ರಿ. ಕಸುವಿನ 13 ಮಂದಿಯೊಳಗ 10 ಮಂದಿ ಖಾತ್ರಿ ಅಂದಾರ. ಆಕ್ಸಿಜನ್‌ನ 11ರಾಗ 4 ಮಂದಿ ಅಷ್ಟ ಖಾತ್ರಿ. ಈ ಎರಡು ಗುಂಪು ಒಂದ ಅಲ್ಲ. ತಪ್ಪು ಮತ್ತ ಅಂದಾಜು ಅಂದ್ರ ಗೊತ್ತಿಲ್ಲ ಅಂತ ಅರ್ಥ, ಅವರಿಗೆ ಆ ಭಾಗ ನೆಟ್ಟಗ ಹೇಳಿಕೊಟ್ರ ಮುಗೀತು. ತಪ್ಪು ಮತ್ತ ಖಾತ್ರಿ ಅಂದ್ರ ಅಲ್ಲಿ ಆಗಲೇ ಒಂದು ವಿಚಾರ ಕುಂತೈತಿ, ನೀವು ಎಷ್ಟು ಹೇಳಿದ್ರೂ ಅದರ ಮ್ಯಾಲ ಹರಿದು ಹೋಗತೈತಿ. ತಪ್ಪು ಕಲ್ಪನೆ ಅನ್ನೋದು ಇದಕ್ಕ. ಒಂದ ಮನಿಯೊಳಗ ಕ್ಲಾಸಿನ ಹತ್ತರಾಗ ಒಂದು ಪಾಲು, ಅಂದ್ರ 40ಕ್ಕ 4 ಮಂದಿ ಬಂದ್ರ ಅದನ್ನ ಹಿಡೀರಿ, ಅದಕ್ಕಿಂತ ಕಡಿಮಿ ಇದ್ರ ಆ ಹುಡುಗರನ್ನ ಬ್ಯಾರೆ ಕರದು ಮಾತಾಡಿದ್ರ ಸಾಕು.

ಇನ್ನೊಂದು ಹೋಲಿಕೆ ಮಾಡ್ರಿ, ಇದು ಪೂರ್ತಿ ಕೆಲಸದಾಗ ಹೆಚ್ಚು ಉಪಯೋಗಿ. ಕಸುವಿನ 13 ರೋಲ್ ನಂಬರ್ ಹಿಡ್ಕೊಂಡು ಟ್ಯೂಬಿನ ಪ್ರಶ್ನೆಯೊಳಗ ಅವರು ಏನಂದಾರ ನೋಡ್ರಿ. 10 ಮಂದಿ "ಗಾಳಿಗೆ ತೂಕ ಇಲ್ಲ" ಅಂದಿದ್ರ, ಪರಿಹಾರ ಎಲ್ಲಿಂದ ಸುರು ಮಾಡಬೇಕು ಅನ್ನೋದು ಸಿಕ್ಕಂಗಾತು, ಎಲಿಯಿಂದ ಅಲ್ಲ, ತಕ್ಕಡಿಯಿಂದ.

ಹಂತ 6: ಮೂರ್ನಾಲ್ಕು ಮಕ್ಕಳನ್ನ ಕರದು ಕೇಳ್ರಿ

ದೊಡ್ಡ ಗುಂಪಿನಿಂದ ಮೂರ್ನಾಲ್ಕು ಮಂದಿ, ಒಬ್ಬೊಬ್ಬರಿಗೆ ಮೂರು ನಿಮಿಷ. "ಇದನ್ನ ಯಾಕ ಆರಿಸಿದಿ, ನನಗ ತಿಳಿಸಿ ಹೇಳಪಾ" ಅಂತ ಕೇಳಿ ಸುಮ್ಮನ ಕುಂದರ್ರಿ. ನಡುವ ತಿದ್ದಬ್ಯಾಡ್ರಿ. ಪ್ರಶ್ನೆ ಓದಿ ತಪ್ಪು ತಿಳಕೊಂಡಾನೋ, ವಿಚಾರಾನ ತಪ್ಪೈತೋ ಅನ್ನೋದು ಇಲ್ಲಷ್ಟ ಗೊತ್ತಾಗತೈತಿ.

ಭಾಷಾದ ಗೋಜಲು ನಮ್ಮಲ್ಲಿ ಭಾಳ ಐತಿ. "ಗಿಡ ಹಗಲಿ ಉಸಿರಾಟ ಮಾಡತೈತೇನು" ಅಂತ ಕೇಳಿದ್ರ ಒಬ್ಬಾಕಿ ಇಲ್ಲ ಅಂತಾಳ, ಯಾಕ ಅಂದ್ರ "ಅದಕ್ಕ ಮೂಗಿಲ್ಲಲ್ರಿ ಟೀಚರ್" ಅಂತಾಳ. ನಾವು ಪಾಠದಾಗ ಉಸಿರಾಟ ಅನ್ನೋದು ಜೀವಕೋಶದೊಳಗ ಸಕ್ಕರಿಯಿಂದ ಶಕ್ತಿ ಬಿಡಿಸೋ ಕ್ರಿಯೆಗೆ, ಮನಿಯೊಳಗ ಉಸಿರಾಟ ಅಂದ್ರ ಶ್ವಾಸ ಎಳದು ಬಿಡೋದು. "ಆಹಾರ"ನೂ ಹಂಗ. ಬೇಸಾಯದಾಗ ಗೊಬ್ಬರಾನ ಬೆಳಿಯ ಊಟ ಅನ್ನೋ ರೂಢಿ ಐತಿ. ಇಂಥಲ್ಲಿ ಪ್ರಶ್ನೆಯ ಶಬ್ದ ಬದಲಿ ಮಾಡ್ರಿ, ಹುಡುಗಿಗೆ ಪರಿಹಾರ ಬೋಧನೆ ಹಚ್ಚಬ್ಯಾಡ್ರಿ.

ಹಂತ 7: ಪರಿಹಾರದ ಮೊದಲ ಪೀರಿಯಡ್, ಅನಿಲದ ತೂಕ

ಗುಂಪು ಮಾರ್ಕ್ಸ್ ಮ್ಯಾಲ ಬ್ಯಾಡ, ವಿಚಾರದ ಮ್ಯಾಲ ಮಾಡ್ರಿ. ಕಸುವಿನ ಗುಂಪಿನ್ಯಾಗ ಕ್ಲಾಸಿಗೆ ಫಸ್ಟ್ ಬರೋ ಹುಡುಗಿನೂ ಇರಬಹುದು.

ಒಂದು ಅಗಲ ಬಾಯಿಯ ಪಾತ್ರಿಯೊಳಗ 100 ಎಂಎಲ್ ವಿನೆಗರ್, ಬಾಜೂಕ ಒಂದು ಸಣ್ಣ ವಾಟಿಯೊಳಗ 7 ಗ್ರಾಂ ಅಡಿಗಿ ಸೋಡಾ, ಎರಡೂ ಒಂದ ತಕ್ಕಡಿ ಮ್ಯಾಲ ಇಟ್ಟು ತೂಕ ಬರೀರಿ. ಸೋಡಾ ಹಾಕಿದ ಮ್ಯಾಲ ಗುಳ್ಳಿ ಬರತಾವ, ಆಮ್ಯಾಲ ತೂಕ ಏನಾಗತೈತಿ ಅಂತ ಎಲ್ಲಾರೂ ಮೊದಲ ಹಾಳಿ ಮ್ಯಾಲ ಬರೀಲಿ. ಬರಸದ ಮಾಡಿದ್ರ ಆಮ್ಯಾಲ ಎಲ್ಲಾರೂ "ನಾನು ಮೊದಲ ಅಂದಿದ್ದೆ" ಅಂತಾರ. ಈಗ ಸೋಡಾ ಸ್ವಲ್ಪ ಸ್ವಲ್ಪ ಹಾಕ್ರಿ, ಖಾಲಿ ವಾಟಿನೂ ತಕ್ಕಡಿ ಮ್ಯಾಲ ವಾಪಸ್ ಇಡ್ರಿ. ಅಂಗಡಿಯ 5 ಪರ್ಸೆಂಟ್ ವಿನೆಗರ್ ಇದ್ರ ಲೆಕ್ಕದ ಪ್ರಕಾರ 3.5 ಗ್ರಾಂಗಿಂತ ಸ್ವಲ್ಪ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೋಗಬೇಕು, ಒಂದಿಷ್ಟು ನೀರಾಗ ಕರಗಿ ಉಳಿಯೂದರಿಂದ ತಕ್ಕಡಿ ಮ್ಯಾಲ 2-3 ಗ್ರಾಂ ಇಳಿದದ್ದು ಕಾಣತೈತಿ. ಗಡಬಡ ಮಾಡಿ ಒಮ್ಮೆಲೇ ಸುರಿದ್ರ ಉಕ್ಕಿ ಹೊರಗ ಚೆಲ್ಲತೈತಿ, ಹುಡುಗರು "ಚೆಲ್ಲಿದ್ದಕ್ಕ ಕಡಿಮಿ ಆತು" ಅಂತಾರ, ಅವರು ಅನ್ನೋದು ಸರಿನೂ ಐತಿ, ಪ್ರಯೋಗ ಹಾಳಾತು.

ಕಣ್ಣಿಗೆ ಕಾಣದ್ದು ಹೊರಗ ಹೋತು, ತೂಕ ತಗೊಂಡು ಹೋತು. ಇಲ್ಲಿ ಇಷ್ಟ ಸಾಕು, ಗಿಡದ ಮಾತು ಇವತ್ತ ಎತ್ತಬ್ಯಾಡ್ರಿ.

ಹಂತ 8: ಎರಡನೇ ಪೀರಿಯಡ್, ಬೂದಿ ಮತ್ತ ಗೊಬ್ಬರದ ಚೀಲ

100 ಗ್ರಾಂ ಚೊಲೊ ಒಣಗಿದ ಬೇವಿನ ಇಲ್ಲಾ ಜಾಲಿ ಕಟ್ಟಿಗಿ ಚೂರು ಬಾಣಲಿಯೊಳಗ, ಬಯಲಾಗ, ನೀವ ಸುಡ್ರಿ, ಬಾಜೂಕ ಒಂದು ಬಕೀಟ್ ನೀರು ಇರಲಿ, ಮಕ್ಕಳು ದೂರ ನಿಲ್ಲಲಿ. ಬೂದಿ ಎಷ್ಟು ಉಳೀತೈತಿ ಅಂತ ಮೊದಲ ಬರಸ್ರಿ. ಉಳಿಯೂದು ಕೆಲವ ಗ್ರಾಂ. ಬೂದಿ ಅಂದ್ರ ಹೆಚ್ಚುಕಡಿಮಿ ಮಣ್ಣಿನಿಂದ ಬಂದ ಖನಿಜ. ಹಂಗಾರ ಉಳಿದದ್ದು ಎಲ್ಲಿ ಹೋತು? ಹಿಂದಿನ ಪೀರಿಯಡ್ ಮಾಡಿದವರು ತಾವ ಹೇಳತಾರ, ಗಾಳಿಯಾಗ ಹೋತು ಅಂತ. ಅದನ್ನ ಬಿಟ್ಟು ನೇರ ಬೂದಿಗೆ ಬಂದ್ರ "ಸುಟ್ಟು ಇಲ್ಲದಂಗ ಆತು" ಅಂತಾರ, ಇದು ಇನ್ನೊಂದು ತಪ್ಪು ಕಲ್ಪನೆ, ಅದಕ್ಕ ಈ ಕ್ರಮ.

ಎರಡು ತಪ್ಪು ಇಲ್ಲಿ ಆಗತಾವ. ಬೆಂಕಿ ಬೇಗ ಆರಿಸಿದ್ರ ಕರ್ರಗ ಇದ್ದಲಿ ಉಳೀತೈತಿ, ತೂಕ ಹೆಚ್ಚು ಬರತೈತಿ, ಬೂದಿ ಬೆಳ್ಳಗ ಆಗೋತನಕ ಕಾಯ್ರಿ, ಪೀರಿಯಡ್ ಸಾಲಂಗಿಲ್ಲ ಅನಿಸಿದ್ರ ಮೊದಲ ಸುಡಾಕ ಹಚ್ಚಿರಿ. ಎರಡನೇದು, ಸುಲಭ ಸಿಗತೈತಿ ಅಂತ ಜ್ವಾಳದ ಕಣಿಕಿ ಸುಡಬ್ಯಾಡ್ರಿ, ಅದರಾಗ ಸಿಲಿಕಾ ಇರೋದಕ್ಕ ಬೂದಿ ಕಟ್ಟಿಗಿಗಿಂತ ಭಾಳ ಹೆಚ್ಚು ಬರತೈತಿ, ಕಸುವಿನ ಗುಂಪು ಗೆದ್ದಂಗ ಆಗತೈತಿ.

ಆಮ್ಯಾಲ ಮನಿ ಲೆಕ್ಕ. ಕಬ್ಬು ಹಚ್ಚಿದವರ ಮಕ್ಕಳು ಅಪ್ಪನ ಕೇಳಿ ಬರಲಿ, ಎಕರೆಗೆ ಎಷ್ಟು ಟನ್ ಬಂತು, ಎಷ್ಟು ಚೀಲ ಗೊಬ್ಬರ ಹಾಕಿದ್ವಿ. 40 ಟನ್ ಬಂತು ಅಂತ ಹಿಡೀರಿ, ಮುಕ್ಕಾಲು ನೀರು ಅಂತ ತಗದ್ರೂ 10 ಟನ್ ಒಣ ತೂಕ. 50 ಕೆಜಿಯ 10 ಚೀಲ ಹಾಕಿದ್ರ ಗೊಬ್ಬರ ಅರ್ಧ ಟನ್. ಉಳಿದ ಒಂಬತ್ತೂವರೆ ಟನ್? ಒಬ್ಬ ಶಾಣ್ಯಾ ಇದ್ದೇ ಇರತಾನ, "ತಿಪ್ಪಿ ಗೊಬ್ಬರ ಹತ್ತು ಟ್ರಾಲಿ ಹಾಕೇವ್ರಿ ಸರ್" ಅಂತಾನ. ಅವನಿಗೆ ಬೂದಿ ತೋರಸ್ರಿ, ತಿಪ್ಪಿ ಗೊಬ್ಬರಾನ ಕಟ್ಟಿಗಿ ಆಗಿದ್ರ ಯಾರೂ ಗೊಬ್ಬರ ಹಾಕದ ಬೇಲಿ ಜಾಲಿ ಹೆಂಗ ಬೆಳೀತು ಅಂತ ಕೇಳ್ರಿ.

ಗೊಬ್ಬರ ಬ್ಯಾಡ ಅಂತ ಮಾತ್ರ ಅನಸಬ್ಯಾಡ್ರಿ, ಯೂರಿಯಾ ಹಾಕಿದ್ರ ಬೆಳಿ ಹಸಿರಾಗೋದನ್ನ ಆ ಹುಡುಗ ಕಣ್ಣಾರೆ ನೋಡ್ಯಾನ, ನೀವು ಸುಳ್ಳು ಹೇಳತೀರಿ ಅಂತ ತಿಳೀತಾನ. ನಾನು ಗಾಣದ ಹೋಲಿಕೆ ಕೊಡತೀನಿ: ಬೆಲ್ಲ ಆಗೋದು ಕಬ್ಬಿನ ಹಾಲಿನಿಂದ, ಗಾಣದ ಕಬ್ಬಿಣ ಬೆಲ್ಲದಾಗ ಬರಂಗಿಲ್ಲ, ಆದ್ರ ಗಾಣ ಇಲ್ಲದ ಬೆಲ್ಲಾನೂ ಇಲ್ಲ. ಗೊಬ್ಬರದಾಗಿನ ನೈಟ್ರೋಜನ್‌ನಿಂದ ಗಿಡ ತನ್ನ ಗಾಣ ಕಟ್ಟಕೊಳ್ಳತೈತಿ, ಅಂದ್ರ ಪತ್ರಹರಿತ್ತು, ಕಿಣ್ವ, ಪ್ರೋಟೀನ್. ಹೋಲಿಕೆ ಎಲ್ಲಿ ಮುರೀತೈತಿ ಅನ್ನೋದನ್ನೂ ಹೇಳ್ರಿ, ಆ ನೈಟ್ರೋಜನ್ ಗಿಡದಾಗ ಉಳೀತೈತಿ, ತೂಕದಾಗ ಅದರದೂ ಸಣ್ಣ ಪಾಲು ಐತಿ.

ಟೈಮ್ ಉಳಿದ್ರ ಹಳೇ ಕಾಲದ ವಿಜ್ಞಾನಿ ವಾನ್ ಹೆಲ್ಮಾಂಟ್‌ನ ಕಥಿ ಹೇಳಬಹುದು. 200 ಪೌಂಡ್ ಒಣ ಮಣ್ಣಿನ್ಯಾಗ 5 ಪೌಂಡಿನ ವಿಲ್ಲೋ ಸಸಿ ಹಚ್ಚಿ ಐದು ವರ್ಷ ಬರೇ ನೀರು ಹಾಕಿದಾಗ ಗಿಡ 169 ಪೌಂಡ್ ಆತು, ಮಣ್ಣು ಕಡಿಮಿ ಆಗಿದ್ದು ಬರೇ 2 ಔನ್ಸ್, ಅಂದ್ರ ನಮ್ಮ ಲೆಕ್ಕದಾಗ 60 ಗ್ರಾಂನೂ ಇಲ್ಲ. ಅವನು ಸತ್ತ ಮ್ಯಾಲ, 1648ರಾಗ ಇದು ಅಚ್ಚಾತು. ಆದ್ರ ಅವನು ತಗದ ತೀರ್ಮಾನ "ಎಲ್ಲಾ ನೀರಿನಿಂದ" ಅಂತ. ಇದನ್ನ ಹೇಳದ ಬಿಟ್ರ ನಿಮ್ಮ ಕಸುವಿನ ಗುಂಪು ಹೋಗಿ ನೀರಿನ ಗುಂಪು ಸೇರತೈತಿ. ಅದಕ್ಕ ಅವನು ಯಾವುದನ್ನ ತೂಗಲಿಲ್ಲ ಅಂತ ಮಕ್ಕಳನ್ನ ಕೇಳ್ರಿ. ಮಜಾ ಏನಂದ್ರ "ಗ್ಯಾಸ್" ಅನ್ನೋ ಶಬ್ದ ಹುಟ್ಟಿಸಿದಾವ ಅವನ, ಇದ್ದಲಿ ಸುಟ್ಟಾಗ ಹೊರಗ ಬರೋದನ್ನ ಗುರುತಿಸಿದಾವನೂ ಅವನ, ಆದ್ರ ಗಿಡದ ಜೋಡಿ ಅದನ್ನ ಕೂಡಿಸಲಿಲ್ಲ.

ಆಕ್ಸಿಜನ್ ಅಂದ 11 ಮಂದಿಗೆ ಇಷ್ಟು ಕಸರತ್ತು ಬ್ಯಾಡ. ಹೆಚ್ಚಿನವರು ಅಂದಾಜಿನವರು, ಒಳಗ ಹೋಗೋದು ಯಾವುದು ಹೊರಗ ಬರೋದು ಯಾವುದು ಅಂತ ಸಮೀಕರಣ ಎದುರಿಟ್ಟು ಹದಿನೈದು ನಿಮಿಷ ಕುಂತ್ರ ಆತು. ಖಾತ್ರಿ ಅಂದ ನಾಲ್ವರನ್ನ ಮಾತ್ರ ಕರದು ಕೇಳ್ರಿ, ಅವರು ದ್ಯುತಿಸಂಶ್ಲೇಷಣೆ ಮತ್ತ ಉಸಿರಾಟ ಕಲಸಿಕೊಂಡಿರತಾರ.

ಹಂತ 9: ಮತ್ತ ಪರೀಕ್ಷೆ, ಆದ್ರ ಅದ ಪ್ರಶ್ನೆ ಅಲ್ಲ

ಎರಡ್ಮೂರು ವಾರ ಬಿಡ್ರಿ. ಬೇವಿನ ಪ್ರಶ್ನೆ ಮತ್ತ ಕೊಟ್ರ ಎಲ್ಲಾರೂ "ಇ, 3" ಅಂತ ಬರೀತಾರ, ಅದು ನೆನಪು, ತಿಳುವಳಿಕಿ ಅಲ್ಲ. ವಿಚಾರ ಅದ ಇರಬೇಕು, ಸಂದರ್ಭ ಬ್ಯಾರೆ ಇರಬೇಕು. ನಾನು ಕೊಡೋದು: "ವಿಜಯಪುರದ ಹಳೇ ಕೋಟಿ ಗ್ವಾಡಿಯ ಕಲ್ಲಿನ ಸಂದಿಯೊಳಗ ಒಂದು ಅರಳಿ ಗಿಡ ಬೆಳೆದೈತಿ, ಅಲ್ಲಿ ಮಣ್ಣು ಒಂದು ಬೊಗಸಿನೂ ಇಲ್ಲ. ಅದರ ಒಣ ಕಟ್ಟಿಗಿ ತೂಕ ಎಲ್ಲಿಂದ ಬಂತು?" ಎರಡು ಮೆಟ್ಟಿಲು, ಖಾತ್ರಿ/ಅಂದಾಜು ಇದ್ದಂಗ ಇರಲಿ.

ಮತ್ತ ಅದ ಮನಿಗಳ ಹಾಳಿ ಹಾಕಿ, ಕಸುವಿನ ಮನಿಯೊಳಗಿನ 13 ರೋಲ್ ನಂಬರ್ ಈಗ ಎಲ್ಲಿ ಬಂದಾವ ಅಂತ ಒಂದೊಂದಾಗಿ ನೋಡ್ರಿ. ಸರಿ ಮನಿಗೆ ಬಂದು ಖಾತ್ರಿ ಅಂದ್ರ ಮುಗೀತು. ಸರಿ ಮನಿಗೆ ಬಂದು ಅಂದಾಜು ಅಂದ್ರ ವಿಚಾರ ಇನ್ನೂ ಬೇರು ಬಿಟ್ಟಿಲ್ಲ, ಒಂದು ತಿಂಗಳಿಗೆ ಮತ್ತ ಒಂದು ಪ್ರಶ್ನೆ ಕೇಳ್ರಿ. "ಗ್ವಾಡಿಯ ಸುಣ್ಣ ತಿಂದು ಬೆಳೆದೈತಿ" ಅಂತ ಐದನೇ ಗೆರಿ ಮ್ಯಾಲ ಬರದವರೂ ಸಿಗತಾರ. ಅವರನ್ನ ಕರೀರಿ, ತಕ್ಕಡಿ ಮತ್ತ ಹೊರಗ ತಗೀರಿ, ಮತ್ತ ಆ ವಾಕ್ಯ ಅವರು ಬರದಂಗ ಬರದು ಇಡ್ರಿ, ಮುಂದಿನ ವರ್ಷದ ಪ್ರಶ್ನೆಗೆ ಒಂದು ಆಯ್ಕೆ ಸಿಕ್ಕಂಗಾತು.